ಐದು ಬಾರಿ ಸಾವಿರ ಮೀಟರ್

ಕೇಳುಗರೆಲ್ಲರಿಗೂ ನಮಸ್ಕಾರ. ಬೆಂಗಳೂರಿನ ವರ್ಲ್ಡ್ ಟೆನ್‌ಕೆಯಂತಹ ಓಟಗಳಲ್ಲಿ ವರ್ಷ ವರ್ಷವೂ ಭಾಗವಹಿಸುವ ಹಲವರು ಒಂದು ಹಂತದ ನಂತರ ಎಷ್ಟು ಓಡಿದರೂ ತಮ್ಮ ಸಮಯವನ್ನು ಇಳಿಸಲಾಗದೆ ನಿಂತುಬಿಡುತ್ತಾರೆ. ಅಂಥವರಿಗೆ ಕೋಚ್‌ಗಳು ಸಾಮಾನ್ಯವಾಗಿ ಹೇಳುವುದು ಇಂಟರ್ವಲ್ ಅಭ್ಯಾಸವನ್ನು, ಅಂದರೆ ನಿಗದಿತ ದೂರವನ್ನು ವೇಗವಾಗಿ ಓಡಿ, ಸ್ವಲ್ಪ ಚೇತರಿಸಿಕೊಂಡು, ಮತ್ತೆ ಅದೇ ದೂರವನ್ನು ಓಡುವ ಕ್ರಮವನ್ನು. ಈ ಅಭ್ಯಾಸದಲ್ಲಿ ಎಷ್ಟು ದೂರ ಓಡಬೇಕು, ನಡುವೆ ಎಷ್ಟು ವಿರಾಮ ಬೇಕು, ಎಷ್ಟು ವೇಗ ಇರಬೇಕು ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರಿಸಲು ಬರುವುದಿಲ್ಲ. ಒಂದನ್ನು ಬದಲಿಸಿದರೆ ಉಳಿದೆರಡರ ಅರ್ಥವೂ ಬದಲಾಗುತ್ತದೆ.

ಹತ್ತು ಕಿಲೋಮೀಟರ್‌ ದೂರವನ್ನು 50 ನಿಮಿಷದಲ್ಲಿ ಮುಗಿಸುವ ಒಬ್ಬ ಓಟಗಾರ್ತಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಆಕೆಯ ಸ್ಪರ್ಧೆಯ ವೇಗ ಕಿಲೋಮೀಟರಿಗೆ 5 ನಿಮಿಷ. ಮುಂದಿನ ಓಟದಲ್ಲಿ 48 ನಿಮಿಷಕ್ಕೆ ಇಳಿಯಬೇಕೆಂಬುದು ಆಕೆಯ ಆಸೆ.

ಮೊದಲಿಗೆ ದೂರದ ವಿಷಯ. ನಿಂತಲ್ಲಿಂದ ವೇಗವಾಗಿ ಓಡಲು ಹೊರಟಾಗ ದೇಹವು ಆಮ್ಲಜನಕವನ್ನು ಬಳಸುವ ಪ್ರಮಾಣ ತಕ್ಷಣ ಮೇಲಕ್ಕೇರುವುದಿಲ್ಲ. ಅದು ತನ್ನ ಗರಿಷ್ಠ ಮಟ್ಟದ ಹತ್ತಿರ ಬರಲು ಸುಮಾರು ಎರಡು ನಿಮಿಷ ಹಿಡಿಯುತ್ತದೆ. ನಾವು ಈ ಅಭ್ಯಾಸ ಮಾಡುವುದೇ ಆ ಮಟ್ಟದಲ್ಲಿ ಒಂದಷ್ಟು ಹೊತ್ತು ಇರುವುದಕ್ಕಾಗಿ. ಆದ್ದರಿಂದ ಪ್ರತಿ ರಿಪೀಟ್, ಅಂದರೆ ಒಂದೊಂದು ಬಾರಿಯ ವೇಗದ ಓಟ, ಮೂರರಿಂದ ಐದು ನಿಮಿಷದಷ್ಟು ಇರಬೇಕು. ಅದಕ್ಕಿಂತ ದೀರ್ಘವಾದರೆ ಬೇಕಾದ ವೇಗವನ್ನು ಹಿಡಿದಿಡುವುದು ಕಷ್ಟವಾಗುತ್ತದೆ. ನಮ್ಮ ಓಟಗಾರ್ತಿಗೆ ಈ ಲೆಕ್ಕದಲ್ಲಿ 1000 ಮೀಟರ್ ಸರಿಹೊಂದುತ್ತದೆ. ಆದರೆ ಹತ್ತು ಕಿಲೋಮೀಟರಿಗೆ 65 ನಿಮಿಷ ತೆಗೆದುಕೊಳ್ಳುವವರು ಇದನ್ನೇ ನಕಲು ಮಾಡಿದರೆ ಅವರ ಒಂದೊಂದು ರಿಪೀಟ್ ಆರು ನಿಮಿಷ ದಾಟುತ್ತದೆ; ಅವರು 600 ಅಥವಾ 800 ಮೀಟರ್ ಆರಿಸಿಕೊಳ್ಳುವುದು ಒಳ್ಳೆಯದು. ದೂರವನ್ನು ಗಡಿಯಾರ ನೋಡಿ ಆರಿಸಬೇಕೇ ಹೊರತು ಪಕ್ಕದಲ್ಲಿ ಓಡುವವರನ್ನು ನೋಡಿ ಅಲ್ಲ.

ಇನ್ನು ವೇಗ. ಇಲ್ಲಿ ಬಹುತೇಕರು ಆಸೆಯ ಸಮಯದಿಂದ ಲೆಕ್ಕ ಶುರುಮಾಡುತ್ತಾರೆ. ಲೆಕ್ಕ ಇವತ್ತಿನ ಸಾಮರ್ಥ್ಯದಿಂದ, ಅಂದರೆ ಕಳೆದ ಒಂದೆರಡು ತಿಂಗಳಲ್ಲಿ ನಿಜವಾಗಿ ಓಡಿದ ಸಮಯದಿಂದ ಶುರುವಾಗಬೇಕು. 50 ನಿಮಿಷದ ಓಟಗಾರ್ತಿ ಐದು ಕಿಲೋಮೀಟರನ್ನು ಸುಮಾರು 24 ನಿಮಿಷದಲ್ಲಿ ಓಡಬಲ್ಲಳು; ಅಂದರೆ ಕಿಲೋಮೀಟರಿಗೆ 4 ನಿಮಿಷ 48 ಸೆಕೆಂಡು. 1000 ಮೀಟರ್ ರಿಪೀಟ್‌ಗೆ ಈ ವೇಗವೇ ಗುರಿ. ಸುಸ್ತಾಗದ ದಿನ ಎರಡು ಮೂರು ಸೆಕೆಂಡು ಕಡಿಮೆಯಾದರೆ ತೊಂದರೆಯಿಲ್ಲ. ಉಸಿರಾಟದಲ್ಲಿ ಹೇಳುವುದಾದರೆ, ರಿಪೀಟ್‌ನ ಕೊನೆಯ ನಿಮಿಷದಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಮಾತನಾಡಲು ಆಗಬಾರದು, ಆದರೆ ಮುಗಿದಾಗ ಇನ್ನೊಂದು ಇಷ್ಟೇ ದೂರ ಓಡಬಲ್ಲೆ ಎಂಬ ಭರವಸೆ ಇರಬೇಕು. ಕೈಗಡಿಯಾರ ತೋರಿಸುವ ಹೃದಯ ಬಡಿತವನ್ನು ಬೆನ್ನಟ್ಟುವುದು ಬೇಡ. ಅದು ಮೊದಲ ಒಂದೆರಡು ನಿಮಿಷ ಹಿಂದೆಯೇ ಉಳಿದಿರುತ್ತದೆ, ಅದನ್ನು ಮೇಲೇರಿಸಲು ಹೋದವರು ಆರಂಭದಲ್ಲೇ ಅತಿವೇಗವಾಗಿ ಓಡಿರುತ್ತಾರೆ. ಬಿಸಿಲೇರಿದ ಮೇಲೆ ಓಡುವುದಾದರೆ ಉಸಿರಾಟವನ್ನು ನಂಬಿ, ಗಡಿಯಾರದ ಗುರಿಯನ್ನು ಸಡಿಲಿಸಬೇಕು.

ಈಗ ಇದೇ ಅಭ್ಯಾಸದ ಎರಡು ದಿನಗಳನ್ನು ಹೋಲಿಸಿ ನೋಡೋಣ. ಎರಡರಲ್ಲೂ ಐದು ಬಾರಿ 1000 ಮೀಟರ್, ನಡುವೆ ಟ್ರ್ಯಾಕ್‌ನಲ್ಲಿ ಒಂದು ಸುತ್ತು ನಿಧಾನದ ಜಾಗಿಂಗ್. ಮೊದಲ ದಿನ ಆಕೆಯ ಸಮಯಗಳು ಹೀಗಿವೆ ಎಂದುಕೊಳ್ಳಿ: 4 ನಿಮಿಷ 28 ಸೆಕೆಂಡು, ನಂತರ 4:36, 4:49, 5:01, ಕೊನೆಗೆ 5:08. ಇನ್ನೊಂದು ದಿನ 4:49, 4:48, 4:47, 4:48, 4:46. ಸರಾಸರಿ ತೆಗೆದರೆ ಎರಡೂ ದಿನ ಸುಮಾರು 4 ನಿಮಿಷ 48 ಸೆಕೆಂಡೇ ಬರುತ್ತದೆ. ಡೈರಿಯಲ್ಲಿ ಸರಾಸರಿಯನ್ನಷ್ಟೇ ಬರೆದುಕೊಳ್ಳುವವರಿಗೆ ಇವೆರಡೂ ಒಂದೇ. ಆದರೆ ಮೊದಲ ದಿನ ಆಕೆ ಮೊದಲೆರಡು ರಿಪೀಟ್‌ಗಳಲ್ಲಿ ಆಮ್ಲಜನಕದ ಬಲದಿಂದ ಓಡಬಹುದಾದ ವೇಗವನ್ನು ಮೀರಿ ಹೋಗಿ, ಕಾಲು ಬಿಗಿದುಕೊಂಡು, ಕೊನೆಯ ಎರಡನ್ನು ತನ್ನ ಸ್ಪರ್ಧೆಯ ವೇಗಕ್ಕಿಂತಲೂ ನಿಧಾನವಾಗಿ ಎಳೆದಿದ್ದಾಳೆ. ಉದ್ದೇಶಿಸಿದ ಶ್ರಮಕ್ಕೆ ಸರಿಯಾಗಿ ಓಡಿದ್ದು ನಡುವಿನ ಒಂದೇ ಒಂದು. ದಣಿವು ಮಾತ್ರ ಪೂರ್ತಿ ಐದರದ್ದು. ಕೊನೆಯದು ಮೊದಲನೆಯದಕ್ಕಿಂತ ನಾಲ್ಕೈದು ಸೆಕೆಂಡಿಗೂ ಹೆಚ್ಚು ನಿಧಾನವಾದರೆ ಆರಂಭದ ವೇಗ ತಪ್ಪಾಗಿತ್ತೆಂದೇ ತಿಳಿಯಬೇಕು. ನಾಲ್ಕನೆಯದರಲ್ಲೇ ಹೀಗಾದರೆ ಐದನೆಯದನ್ನು ಹಟಕ್ಕೆ ಓಡದೆ ಅಲ್ಲಿಗೇ ನಿಲ್ಲಿಸುವುದು ಜಾಣತನ.

ಸಮಯಗಳನ್ನು ನಂಬಬೇಕಾದರೆ ದೂರ ಸರಿಯಿರಬೇಕು. ಒಂದು ಸುತ್ತಿಗೆ 400 ಮೀಟರ್ ಎನ್ನುವುದು ಟ್ರ್ಯಾಕ್‌ನ ಒಳಗಿನ ಮೊದಲ ಲೇನ್‌ನ ಅಳತೆ. ಬೆಳಗಿನ ಹೊತ್ತು ಒಳಲೇನ್‌ಗಳಲ್ಲಿ ವಾಕಿಂಗ್ ಮಾಡುವವರು ಸಾಲುಗಟ್ಟಿರುವಾಗ ಆರನೇ ಲೇನ್‌ಗೆ ಸರಿದವರು ಒಂದು ಸುತ್ತಿಗೆ ಸುಮಾರು 38 ಮೀಟರ್ ಹೆಚ್ಚು ಓಡಿರುತ್ತಾರೆ, ಮತ್ತು ತಾವು ನಿಧಾನವಾದೆವೆಂದು ಸುಮ್ಮನೆ ಕೊರಗುತ್ತಾರೆ. 1000 ಮೀಟರ್ ಎಂದರೆ ಎರಡೂವರೆ ಸುತ್ತು. ಹೊರಟ ಗೆರೆಯ ಎದುರು ಬದಿಯಲ್ಲಿ ಓಟ ಮುಗಿಯುತ್ತದೆ ಎಂಬುದನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ಮೂರನೆಯದು ವಿರಾಮ. ನನ್ನ ಅಭಿಪ್ರಾಯದಲ್ಲಿ ಜನ ಅತ್ಯಂತ ಕಡಿಮೆ ಗಮನ ಕೊಡುವುದು ಇದಕ್ಕೇ. ಒಂದು ಸುತ್ತಿನ ಜಾಗಿಂಗ್ ನಮ್ಮ ಓಟಗಾರ್ತಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಉಸಿರು ಹತೋಟಿಗೆ ಬರುತ್ತದೆ, ಆದರೆ ದೇಹ ಪೂರ್ತಿ ತಣ್ಣಗಾಗುವುದಿಲ್ಲ. ಹಾಗಾಗಿ ಮುಂದಿನ ರಿಪೀಟ್‌ನಲ್ಲಿ ಆಮ್ಲಜನಕದ ಬಳಕೆ ಬೇಗ ಮೇಲಕ್ಕೇರುತ್ತದೆ. ಬೆಂಚಿನ ಮೇಲೆ ಆರು ನಿಮಿಷ ಕುಳಿತು ಹರಟಿದರೆ ಈ ಲಾಭ ಕಳೆದುಹೋಗಿ, ಪ್ರತಿ ಬಾರಿಯೂ ಹೊಸದಾಗಿ ಶುರುಮಾಡಿದಂತಾಗುತ್ತದೆ. ಒಂದೇ ನಿಮಿಷಕ್ಕೆ ಇಳಿಸಿದರೆ ಮೂರನೆಯದರಲ್ಲೇ ವೇಗ ಕುಸಿಯುತ್ತದೆ.

ಹಾಗಿದ್ದರೆ 400 ಮೀಟರ್ ರಿಪೀಟ್‌ಗಳು ವ್ಯರ್ಥವೇ ಎಂದು ಕೇಳಬಹುದು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಹತ್ತು ಸಾವಿರ ಮೀಟರ್ ಚಿನ್ನ ಗೆದ್ದ ಎಮಿಲ್ ಝಾಟೊಪೆಕ್ ಬೆಳೆದದ್ದೇ 400 ಮೀಟರ್ ಓಟ, 200 ಮೀಟರ್ ಜಾಗಿಂಗ್ ಎಂಬ ಅಭ್ಯಾಸದಿಂದ. ನಮ್ಮ ಓಟಗಾರ್ತಿಗೆ 400 ಮೀಟರ್ ಎರಡು ನಿಮಿಷದೊಳಗೆ, ಸುಮಾರು 1 ನಿಮಿಷ 54 ಸೆಕೆಂಡಿಗೆ ಮುಗಿದುಹೋಗುವುದರಿಂದ, ಅಲ್ಲಿ ವಿರಾಮ ಒಂದು ನಿಮಿಷದ ಆಸುಪಾಸಿನಲ್ಲಿದ್ದರೆ ಮಾತ್ರ ಶ್ರಮ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಅದೇ 400 ಮೀಟರನ್ನು ಮೂರು ನಿಮಿಷ ವಿರಾಮ ಕೊಟ್ಟು ಇನ್ನೂ ವೇಗವಾಗಿ ಓಡಿದರೆ ಅದು ಕಾಲಿನ ಚುರುಕಿಗೆ ಮಾಡುವ ಬೇರೆಯೇ ಅಭ್ಯಾಸವಾಗುತ್ತದೆ.

ವಾರಕ್ಕೆ ಇಂತಹ ಒಂದು ದಿನ ಸಾಕು. ಅದಕ್ಕೆ ಮುಂಚೆ ಹದಿನೈದು ನಿಮಿಷ ನಿಧಾನವಾಗಿ ಓಡಿ, ನಾಲ್ಕೈದು ಬಾರಿ ನೂರು ಮೀಟರ್‌ನಷ್ಟು ಚುರುಕಾಗಿ ಓಡಿಕೊಳ್ಳಬೇಕು. ನಾಲ್ಕು ವಾರ ಐದೂ ರಿಪೀಟ್‌ಗಳು ಸಮವಾಗಿ ಬಂದಮೇಲೆ ವೇಗ ಹೆಚ್ಚಿಸುವ ಮೊದಲು ವಿರಾಮವನ್ನು ಮೂರು ನಿಮಿಷದಿಂದ ಎರಡೂವರೆಗೆ ಇಳಿಸಿ ನೋಡಬೇಕು. ಸ್ಪರ್ಧೆಗೆ ಐದಾರು ವಾರ ಉಳಿದಾಗ ದೂರವನ್ನು 2000 ಮೀಟರಿಗೆ ಏರಿಸಿ, ವೇಗವನ್ನು ಸ್ಪರ್ಧೆಯ ಗುರಿಗೆ ತರಬೇಕು: ಮೂರು ಬಾರಿ 2000 ಮೀಟರ್, ನಡುವೆ ಎರಡು ನಿಮಿಷದ ಜಾಗಿಂಗ್. 48 ನಿಮಿಷದ ಗುರಿಗೆ ಒಂದೊಂದಕ್ಕೂ 9 ನಿಮಿಷ 36 ಸೆಕೆಂಡು ಬೇಕು. ಸ್ಪರ್ಧೆಗೆ ಹತ್ತು ದಿನ ಮೊದಲು ಇದನ್ನು ಕೊನೆಯ ಬಾರಿ ಓಡಿದಾಗ ಮೂರನೆಯದು 9:50ಕ್ಕೆ ಜಾರಿದರೆ, ಆ ದಿನದ ಮಟ್ಟಿಗೆ ಆಕೆಯ ಓಟ 49 ನಿಮಿಷದ್ದು. ಸ್ಪರ್ಧೆಯ ಮೊದಲ ಕಿಲೋಮೀಟರನ್ನು 4 ನಿಮಿಷ 54 ಸೆಕೆಂಡಿಗೆ ಓಡಲು ಆಕೆ ಸಿದ್ಧಳಾಗಬೇಕು.