ದಿನಾ 48 ಅಂಕಿ ಕೇಳ್ತಿದ್ದ ಲ್ಯಾಪ್‌ಟಾಪ್

ಇವತ್ತಿಗೆ ನಾಲ್ಕನೇ ದಿನ. ಆನ್ ಮಾಡಿದ ಕೂಡಲೇ ಮತ್ತದೇ ನೀಲಿ ಪರದೆ, ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್‌ದು, ರಿಕವರಿ ಕೀ ಕೊಡಿ ಅಂತ. ಆರಾರು ಅಂಕಿಯ ಎಂಟು ಗುಂಪು. ಕಾಗದ ನೋಡ್ಕೊಂಡು ಒಂದೊಂದೇ ಒತ್ತುತ್ತಿದ್ದೀನಿ, ನೋಡಿ. ಪ್ರತಿ ಗುಂಪೂ 11ರಿಂದ ಭಾಗವಾಗೋ ಸಂಖ್ಯೆ. ಅದಕ್ಕೇ ಒಂದು ಅಂಕಿ ತಪ್ಪಿದ್ರೂ ಆ ಗುಂಪಿನಲ್ಲೇ ಸಿಕ್ಕಿಬೀಳುತ್ತೆ.

ಶುರುವಾಗಿದ್ದು ಫರ್ಮ್‌ವೇರ್, ಅಂದ್ರೆ ವಿಂಡೋಸ್‌ಗಿಂತ ಮೊದಲು ಓಡೋ ಸಾಫ್ಟ್‌ವೇರ್, ಅಪ್‌ಡೇಟ್ ಆದ ಮೇಲೆ. ಒಂದು ಸಲ ಕೇಳಿದ್ರೆ ಅರ್ಥವಿದೆ. ಡಿಸ್ಕ್‌ನ ಕೀಲಿಗೆ ಮುದ್ರೆ ಒತ್ತೋದು ಒಳಗಿರೋ ಟಿಪಿಎಂ ಅನ್ನೋ ಚಿಪ್. ಕಂಪ್ಯೂಟರ್ ಏಳುವಾಗ ಫರ್ಮ್‌ವೇರ್ ತಾನು ಓಡಿಸೋ ಒಂದೊಂದು ತುಣುಕಿನದೂ ಹ್ಯಾಶ್, ಅಂದ್ರೆ ಬೆರಳಚ್ಚಿನಂಥ ಒಂದು ಸಂಖ್ಯೆ, ತೆಗೆದು, ಚಿಪ್‌ನಲ್ಲಿರೋ ಪಿಸಿಆರ್ ಅನ್ನೋ ಖಾನೆಗಳಿಗೆ ಕಳಿಸುತ್ತೆ. ಹಳೇ ಮೌಲ್ಯದ ಜೊತೆ ಹೊಸದನ್ನ ಸೇರಿಸಿ ಮತ್ತೆ ಹ್ಯಾಶ್. ಕೊನೆಗೆ ಬಂದ ಮೌಲ್ಯ ಮುದ್ರೆ ಒತ್ತಿದ ದಿನದ್ದೇ ಆಗಿದ್ರೆ ಕೀಲಿ ಕೊಡುತ್ತೆ, ಇಲ್ಲಾಂದ್ರೆ ಇಲ್ಲ. ಬದಲಾಗಿದ್ದೇನು, ಮಾಡಿದ್ದು ಕಳ್ಳನೋ ಅಪ್‌ಡೇಟೋ, ಅದಕ್ಕೆ ಗೊತ್ತಿಲ್ಲ.

ರಿಕವರಿ ಕೀ ಕೊಟ್ಟು ಒಳಗೆ ಹೋದ್ರೆ ಹೊಸ ಮೌಲ್ಯಕ್ಕೆ ಮತ್ತೆ ಮುದ್ರೆ ಬೀಳುತ್ತೆ. ಮಾರನೇ ದಿನ ಸುಮ್ಮನಿರಬೇಕು. ನಂದು ಸುಮ್ಮನಿರಲಿಲ್ಲ. ಮೊದಲ ದಿನವೇ ಬಿಟ್‌ಲಾಕರ್ ರಕ್ಷಣೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದೆ, ಅದೂ ಸಾಕಾಗಲಿಲ್ಲ. ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನ ಓಡಿಸಿದೆ:

```
manage-bde -protectors -get C:
```

ಮುದ್ರೆ ಯಾವ ಖಾನೆಗಳ ಮೇಲಿದೆ ಅಂತ ತೋರಿಸುತ್ತೆ. 7, 11 ಇರಬೇಕಾದ ಕಡೆ 0, 2, 4, 11 ಇತ್ತು. ಅಪ್‌ಡೇಟ್ ನನ್ನ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ, ನಂಬಿಕಸ್ಥ ಸಹಿ ಇರೋ ಕೋಡನ್ನ ಮಾತ್ರ ಏಳಲು ಬಿಡೋ ಸೆಕ್ಯೂರ್ ಬೂಟ್ ಆಫ್ ಮಾಡಿಬಿಟ್ಟಿತ್ತು. 7ನೇ ಖಾನೆ ಅಳೆಯೋದು ಸೆಕ್ಯೂರ್ ಬೂಟ್ ಸ್ಥಿತಿಯನ್ನ. ಅದು ಆಫ್ ಆದಾಗ ಬಿಟ್‌ಲಾಕರ್ ಹಳೇ ಪದ್ಧತಿಗೆ ಇಳಿದಿದೆ. ಅದರಲ್ಲಿ 2ನೇ ಖಾನೆಗೆ ಹೋಗೋದು ಹೊರಗಿಂದ ಜೋಡಿಸಿದ ಸಾಧನಗಳ ಕೋಡ್.

ಮಾನಿಟರ್, ಕೀಬೋರ್ಡ್ ಜೋಡಿಸೋ ನನ್ನ ಡಾಕ್‌ನಲ್ಲೂ ಅಂಥದ್ದೊಂದು ಚೂರು ಕೋಡ್ ಇದೆ. ಬೆಳಿಗ್ಗೆ ಡಾಕ್ ಹಾಕಿ ಆನ್ ಮಾಡ್ತೀನಿ, ಕೀ ಕೇಳುತ್ತೆ, ಡಾಕ್ ಇರೋ ಮೌಲ್ಯಕ್ಕೆ ಮುದ್ರೆ. ರಾತ್ರಿ ಡಾಕ್ ಇಲ್ಲದೆ ಆನ್ ಮಾಡ್ತೀನಿ, ಮೌಲ್ಯ ಬೇರೆ, ಮತ್ತೆ ಕೀ. ಪ್ರತಿ ಸಲವೂ ಹಿಂದಿನ ಸಲಕ್ಕೆ ಹೊಂದಿಕೆ ಆಗ್ತಾ ಇರಲಿಲ್ಲ, ಅಷ್ಟೇ. ಡಾಕ್ ತೆಗೆದೇ ಎರಡು ಸಲ ಸತತವಾಗಿ ಆನ್ ಮಾಡಿ ನೋಡಿದೆ. ಎರಡನೇ ಸಲ ಕೇಳಲೇ ಇಲ್ಲ.

ಈಗ ಸರಿಪಡಿಸೋದು. ಮೊದಲು ರಕ್ಷಣೆ ನಿಲ್ಲಿಸ್ತೀನಿ:

```
manage-bde -protectors -disable C: -rebootcount 0
```

ಸೊನ್ನೆ ಅಂದ್ರೆ ನಾನು ಹೇಳೋವರೆಗೂ ನಿಂತಿರುತ್ತೆ. ಅಷ್ಟು ಹೊತ್ತು ಕೀಲಿ ಡಿಸ್ಕ್ ಮೇಲೆ ಬಯಲಾಗಿರುತ್ತೆ, ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗಬೇಡಿ. ಫರ್ಮ್‌ವೇರ್ ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದೆ, ವಿಂಡೋಸ್‌ಗೆ ಬಂದೆ, ಆಮೇಲೆ ಇದು:

```
manage-bde -protectors -enable C:
```

ಮೊದಲಿನ -get ಕಮಾಂಡ್ ಈಗ ತೋರಿಸ್ತಿರೋದು 7, 11. ಡಾಕ್ ಹಾಕಿ ಆನ್ ಮಾಡ್ತಿದ್ದೀನಿ... ನೇರವಾಗಿ ಲಾಗಿನ್ ಪರದೆ. ಈಗ ಡಾಕ್ ತೆಗೆದು ಇನ್ನೊಂದು ಸಲ. ಈ ಸಲವೂ ಲಾಗಿನ್ನೇ ಬಂತು.