ಸ್ನಾನಕ್ಕೆ ಹೋಗುವ ಮೈಲಿಗೆ, ದಿನ ಎಣಿಸುವ ಮೈಲಿಗೆ

ನಮಸ್ಕಾರ. ಧರ್ಮದ ಸಮಾಜಶಾಸ್ತ್ರ ಓದುತ್ತಿರುವ ನಿಮ್ಮ ಜೊತೆ ಇವತ್ತು ಮಡಿ-ಮೈಲಿಗೆ ಬಗ್ಗೆ ಮಾತಾಡಬೇಕು. ನಮ್ಮ ಧಾರವಾಡದ ಹಳೆಯ ಮನೆಯಿಂದಲೇ ಶುರು ಮಾಡುತ್ತೇನೆ.

ಹಿತ್ತಲ ಬಾಗಿಲ ಹತ್ತಿರ, ಎತ್ತರದಲ್ಲಿ ಒಂದು ಬಿದಿರಿನ ಗಳ. ಅದರ ಮೇಲೆ ಮಡಿ ಬಟ್ಟೆ ಒಣಗುತ್ತಿತ್ತು. ಹಾಕೋದು, ತೆಗೆಯೋದು ಎಲ್ಲಾ ಕೋಲಿನಿಂದ. ಅಜ್ಜ ಬೆಳಿಗ್ಗೆ ಎದ್ದಾಗ ಮೈಲಿಗೆ. ಸ್ನಾನ ಮಾಡಿ, ಆ ಬಟ್ಟೆ ಉಟ್ಟರೆ ಮಡಿ. ಊಟ ಮುಗಿಸಿ ಪೇಟೆಗೆ ಹೋದರೆ ಮತ್ತೆ ಮೈಲಿಗೆ. ಅಂದರೆ ಮೈಲಿಗೆ ಅನ್ನೋದು ದಿನನಿತ್ಯದ, ಸಾಮಾನ್ಯ ಸ್ಥಿತಿ. ಮಡಿಯನ್ನೇ ಕಷ್ಟಪಟ್ಟು ತಯಾರು ಮಾಡಬೇಕು, ಅದು ಬೇಗ ಕೆಡುತ್ತದೆ. ಇದರ ಕೆಳಗೆ ಮೂರನೆಯ ಸ್ಥಿತಿ ಒಂದಿದೆ, ಮುಟ್ಟು-ಚಟ್ಟು, ಅಂದರೆ ಮುಟ್ಟು, ಸಾವಿನಂಥವುಗಳಿಂದ ಬರುವ ಗಾಢ ಮೈಲಿಗೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ ಮಲೆನಾಡಿನ ಹವ್ಯಕರ ನಡುವೆ ಕೆಲಸ ಮಾಡಿ, 1964ರಲ್ಲಿ ಈ ಮೂರು ಮೆಟ್ಟಿಲನ್ನೇ ಬಿಡಿಸಿ ಬರೆದರು.

ಈಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಮೈಲಿಗೆ ಹೋಗುವುದು ಹೇಗೆ? ಅಜ್ಜನದು ಒಂದು ತಂಬಿಗೆ ನೀರಿಗೆ ಹೋಗುತ್ತಿತ್ತು. ನಮ್ಮ ವೈನಿಯದು ಹೋಗುತ್ತಿರಲಿಲ್ಲ. ಮುಟ್ಟಾದಾಗ ಅವರು ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ಪಡಸಾಲೆಯ ಮೂಲೆಯ ಚಾಪೆ ಬಿಟ್ಟು ಏಳುವಂತಿರಲಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೇ ಒಳಗೆ ಪ್ರವೇಶ. ಗಂಡಸಿನ ದಿನನಿತ್ಯದ ಮೈಲಿಗೆ ಅವನು ಸ್ನಾನ ಮಾಡಿದರೆ ಹೋಗುತ್ತದೆ, ಅದೂ ಅವನು ಬೇಕೆಂದಾಗ. ಹೆಂಗಸಿನ ಮುಟ್ಟಿನ ಮೈಲಿಗೆ ದಿನ ತುಂಬಿದರೆ ಮಾತ್ರ ಹೋಗುತ್ತದೆ. ನಿಯಮ ಎಲ್ಲರಿಗೂ ಒಂದೇ ಅಂತ ಹೇಳುವವರಿಗೆ ಈ ವ್ಯತ್ಯಾಸ ತೋರಿಸಿ. ಮೈಲಿಗೆ ಅಂದರೆ ಬರೀ ಕೊಳಕು ಆಗಿದ್ದರೆ ಸೋಪು ಸಾಕಿತ್ತು, ಅಲ್ವಾ?

ಬ್ರಿಟಿಷ್ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಹೇಳಿದ್ದನ್ನು ನೀವು ತರಗತಿಯಲ್ಲಿ ಓದಿರುತ್ತೀರಿ. ತನ್ನ ಜಾಗ ಬಿಟ್ಟು ಬಂದದ್ದೇ ಹೊಲಸು. ತಲೆಯ ಮೇಲಿದ್ದರೆ ಕೂದಲು ಸಿಂಗಾರ, ಸಾರಿನಲ್ಲಿ ಸಿಕ್ಕರೆ ಹೊಲಸು. ಮಾತು ಸರಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಯಾವುದರ ಜಾಗ ಯಾವುದು ಅಂತ ಗೆರೆ ಎಳೆದವರು ಯಾರು ಅಂತಲೂ ಕೇಳಬೇಕು.

ಸೂತಕ ನೋಡಿ. ಇದು ಗಂಡಸಿಗೂ ದಿನ ಎಣಿಸುವ ಮೈಲಿಗೆ. ತಂದೆ ತೀರಿಕೊಂಡರೆ ಬ್ರಾಹ್ಮಣರ ಮನೆಯಲ್ಲಿ ಮಗನಿಗೆ ಹತ್ತು ದಿನ. ಮದುವೆಯಾದ ಮಗಳಿಗೆ ಮೂರೇ ದಿನ. ಅದೇ ಮಗಳಿಗೆ ಮಾವ ತೀರಿಕೊಂಡರೆ ಹತ್ತು ದಿನ. ಹೆತ್ತವನಿಗೆ ಮೂರು, ಗಂಡನನ್ನು ಹೆತ್ತವನಿಗೆ ಹತ್ತು. ಇಲ್ಲಿ ಸೂತಕ ಅಳೆಯುತ್ತಿರುವುದು ದುಃಖವನ್ನಲ್ಲ, ರಕ್ತವನ್ನೂ ಅಲ್ಲ. ಅವಳು ಈಗ ಯಾವ ಗೋತ್ರದವಳು, ಯಾರ ಮನೆಯ ಲೆಕ್ಕಕ್ಕೆ ಸೇರಿದವಳು ಅನ್ನೋದನ್ನು ಅಳೆಯುತ್ತಿದೆ.

ಇನ್ನೊಂದು ವಿಷಯದಲ್ಲಿ ವಿದ್ಯಾರ್ಥಿಗಳು ಜಾಸ್ತಿ ಎಡವುತ್ತಾರೆ. ಮಡಿ ಬೇರೆ, ಮಂಗಳ ಬೇರೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅಜ್ಜಿಯ ನಾದಿನಿ ಒಬ್ಬರಿದ್ದರು. ಎಳೆಯ ವಯಸ್ಸಿಗೇ ವಿಧವೆ. ತಲೆ ಬೋಳಿಸಿದ್ದರು, ಕೆಂಪು ಸೀರೆಯ ಸೆರಗು ಹೊದ್ದಿರುತ್ತಿದ್ದರು. ಮನೆಯಲ್ಲಿ ಅವರಷ್ಟು ಮಡಿ ಯಾರದೂ ಇರಲಿಲ್ಲ. ನೈವೇದ್ಯದ ಅಡುಗೆ ಅವರದೇ. ಆದರೆ ಅಪ್ಪ ಪರವೂರಿಗೆ ಹೊರಟರೆ ಅವರು ಸದ್ದಿಲ್ಲದೆ ಒಳಗೆ ಸರಿಯುತ್ತಿದ್ದರು, ಎದುರು ಬರಬಾರದಲ್ಲ! ದೇವರು ಉಣ್ಣುವ ಅನ್ನ ಬೇಯಿಸುವಷ್ಟು ಶುದ್ಧ, ಮಗನಂಥವನ ಮುಖ ನೋಡಲಾರದಷ್ಟು ಅಶುಭ. ಮೈನೆರೆದ ಹುಡುಗಿಯದು ಇದರ ತಿರುಗುಮುರುಗು. ಅವಳನ್ನು ಮುಟ್ಟುವ ಹಾಗಿಲ್ಲ, ಆದರೆ ಆರತಿ ಮಾಡುತ್ತಾರೆ, ಹಾಡು ಹೇಳುತ್ತಾರೆ, ಕೊಬ್ಬರಿ-ಬೆಲ್ಲ ತಿನ್ನಿಸುತ್ತಾರೆ. ಅಶುದ್ಧ, ಆದರೂ ಮಂಗಳ. ಎರಡು ಅಳತೆಗೋಲು ಬೇರೆ ಬೇರೆ ಇವೆ. ಎರಡರಲ್ಲೂ ಹೆಂಗಸಿನ ಅಳತೆ ಬದಲಾಗುವುದು ಅವಳ ಮೈ ಮತ್ತು ಗಂಡನ ಜೀವದ ಮೇಲೆ. ಹೆಂಡತಿ ಸತ್ತ ಗಂಡಸು ಎದುರು ಬಂದರೆ ಯಾರೂ ಹಿಂದಿರುಗಿ ಕೂತು ನೀರು ಕುಡಿದು ಹೊರಡುವುದಿಲ್ಲ.

ಇದು ಬರೀ ಬ್ರಾಹ್ಮಣರ ಮಾತು ಅಂತ ಅನ್ನಿಸಬಹುದು. ನಮ್ಮ ಭಾಗದಲ್ಲಿ ಲಿಂಗಾಯತರು ಬಹಳ ಜನ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ. ಜನನ, ಮರಣ, ಜಾತಿ, ಎಂಜಲು, ಮುಟ್ಟು. ಇಷ್ಟಲಿಂಗ ಹೆಣ್ಣಿನ ಮೈಮೇಲೆ ಸದಾ ಇರುತ್ತದೆ, ಮುಟ್ಟಿನ ದಿನವೂ. ಹಾಗಾದ ಮೇಲೆ ಆ ಮೈ ಮೈಲಿಗೆ ಆಗುವುದು ಹೇಗೆ? ಇಷ್ಟು ನೇರವಾದ ತರ್ಕ ಇದ್ದೂ, ಗದಗಿನ ಕಡೆ ಎಷ್ಟೋ ಲಿಂಗಾಯತ ಮನೆಗಳಲ್ಲಿ ಆ ದಿನಗಳಲ್ಲಿ ದೇವರ ಜಗಲಿ ಮುಟ್ಟುವುದಿಲ್ಲ. ಕೊರಳಲ್ಲಿ ಲಿಂಗ ಇದೆ, ಜಗಲಿಯ ದೀಪ ಮಾತ್ರ ಬೇಡ! ಧರ್ಮದ ಮಾತು ಒಂದು, ಮನೆಯ ನಡೆ ಇನ್ನೊಂದು. ಗ್ರಂಥ ಓದಿ ಸಮಾಜ ತಿಳಿಯಿತು ಅಂದುಕೊಳ್ಳುವವರು ಈ ಬಾಗಿಲಲ್ಲೇ ಮುಗ್ಗರಿಸುತ್ತಾರೆ.

ಈಗ ನಿಯಮ ಎಲ್ಲಿ ಸಡಿಲಾಯಿತು, ಎಲ್ಲಿ ಆಗಲಿಲ್ಲ ಅಂತ ಗಮನಿಸಿ. ಕೂಡು ಕುಟುಂಬದಲ್ಲಿ ಒಬ್ಬಳು ಹೊರಗಾದರೆ ಇನ್ನೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಆ ಮೂರು ದಿನ ವಿಶ್ರಾಂತಿ ಇತ್ತು ಅಂತ ಹಿರಿಯ ಹೆಂಗಸರು ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ, ಅದು ಅವರ ಅನುಭವ. ಆದರೆ ಅದು ಇನ್ನೊಬ್ಬಳ ಬೆನ್ನ ಮೇಲೆ ನಿಂತ ವಿಶ್ರಾಂತಿ. ಈಗ ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಅಷ್ಟೇ. ಒಲೆ ಹಚ್ಚಲು ಬೇರೆ ಕೈ ಇಲ್ಲ. ಹಾಗಾಗಿ ಅಡುಗೆಮನೆಯ ನಿಷೇಧ ಹೋಯಿತು, ದೇವರ ಮೂಲೆಯ ನಿಷೇಧ ಉಳಿಯಿತು. ದುಡಿಮೆ ಬೇಕಾದ ಕಡೆ ಗೆರೆ ಅಳಿಸಿದೆ, ಅಧಿಕಾರ ಇರುವ ಕಡೆ ಅಳಿಸಿಲ್ಲ. ವಿಶ್ರಾಂತಿಯೂ ಅಡುಗೆಮನೆಯ ಜೊತೆಗೇ ಹೋಯಿತು. ಮನೆಯಲ್ಲಿ ಪೂಜೆ ಇಟ್ಟುಕೊಂಡಾಗ ಮುಟ್ಟು ಮುಂದೂಡುವ ಗುಳಿಗೆ ನುಂಗುವವರೂ ಇದ್ದಾರೆ. ಅಲ್ಲಿ ನಿಯಮ ಬಗ್ಗಲಿಲ್ಲ, ಮೈಯನ್ನೇ ಬಗ್ಗಿಸಿದರು.

ನೀವು ಮನೆ ಮನೆಗೆ ಹೋಗಿ ಕೇಳುವಾಗ ಒಂದು ಎಚ್ಚರ ಇರಲಿ. "ನೀವು ಮಡಿ ಪಾಲಿಸ್ತೀರಾ?" ಅಂತ ಕೇಳಿದರೆ, ಹೇಳಬೇಕಾದ್ದನ್ನೇ ಹೇಳುತ್ತಾರೆ. "ಹೋದ ತಿಂಗಳು ಆ ದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದ್ರಿ, ಆಮೇಲೆ?" ಅಂತ ಕೇಳಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಕ್ಕ ಒಬ್ಬರಿಗೆ ನಾನು ಹೀಗೇ ಕೇಳಿದೆ. ಕೆಲಸಕ್ಕೆ ಹೋದೆ ಅಂದರು. ಕಾಯಿ ರಾಶಿ ಮುಂದೆ ದಿನವಿಡೀ ಕೂತರು. ಅಲ್ಲಿ ಯಾರೂ ಯಾವ ದಿನ ಅಂತ ಕೇಳಲಿಲ್ಲ. ಆ ಕಾಯಿ ಯಾವ ಯಾವ ಮನೆಯ ನೈವೇದ್ಯದ ಸಾರಿಗೆ ಬಿದ್ದಿತೋ! ಸಂಜೆ ಮನೆಗೆ ಬಂದು ಅಡುಗೆ ಮಾಡಿದರು. "ದೀಪ?" ಅಂತ ಕೇಳಿದೆ. "ನಾನು ಮುಟ್ಟಂಗಿಲ್ಲಲ್ರೀ, ಮಗ ಹಚ್ಚಿದ. ಎಂಟನೇತ್ತಿ ಓದ್ತಾನ" ಅಂದರು. ಮಗನಿಗೆ ಬತ್ತಿ ಹೊಸೆಯಲು ಬರುವುದಿಲ್ಲವಂತೆ. ಎಣ್ಣೆ ಎಷ್ಟು ಹಾಕಬೇಕು, ಬತ್ತಿ ಯಾವ ದಿಕ್ಕಿಗೆ ಇಡಬೇಕು ಅಂತ ಅವರೇ ಹೊಸ್ತಿಲ ಈಚೆ ನಿಂತು ಹೇಳಿಕೊಟ್ಟರಂತೆ.