ಬಿಸಿನೀರಿಗೆ ತಣ್ಣೀರೋ, ತಣ್ಣೀರಿಗೆ ಬಿಸಿನೀರೋ?

ಬಿಸಿನೀರು, ತಣ್ಣೀರು ಬೆರೆಸುವ ಲೆಕ್ಕಗಳ ಕೊನೆಯಲ್ಲಿ ಹೆಚ್ಚಾಗಿ ಒಂದು ಸಾಲು ಇರುತ್ತದೆ. ‘ಪಾತ್ರೆ ಹೀರಿಕೊಳ್ಳುವ ಉಷ್ಣವನ್ನು ಲೆಕ್ಕಕ್ಕೆ ಹಿಡಿಯಬೇಡಿ.’ ಇವತ್ತಿನ ವಿಡಿಯೋ ಪೂರ್ತಿ ಆ ಒಂದು ಸಾಲಿನ ಬಗ್ಗೆ. ಪಾತ್ರೆಯನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತ ಅಡುಗೆಮನೆಯಲ್ಲೇ ಅಳೆದು ನೋಡೋಣ.

ಕಟ್ಟೆಯ ಮೇಲೆ ಇರುವುದು ಇಷ್ಟೇ. 250 ಗ್ರಾಂ ತೂಗುವ ಸ್ಟೀಲ್ ಪಾತ್ರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, 0.1 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್. ಸ್ಟಾಪ್‌ವಾಚ್ ಹಿಡಿದಿರುವುದು ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು.

ಪಾತ್ರೆಯಲ್ಲಿ 300 ಗ್ರಾಂ ನೀರು ರಾತ್ರಿಯಿಂದಲೇ ಇದೆ. ಹಾಗಾಗಿ ನೀರು, ಪಾತ್ರೆ ಎರಡೂ 25 ಡಿಗ್ರಿ. ಇದಕ್ಕೆ 80 ಡಿಗ್ರಿಯ 200 ಗ್ರಾಂ ಬಿಸಿನೀರು ಹಾಕಬೇಕು. ಮೊದಲು ಪಾತ್ರೆಯನ್ನು ಮರೆತು ಲೆಕ್ಕ ಮಾಡೋಣ. ಬಿಸಿನೀರು ಕಳೆದುಕೊಂಡಷ್ಟನ್ನೇ ತಣ್ಣೀರು ಪಡೆಯುತ್ತದೆ. ಎರಡು ಕಡೆಯೂ ನೀರೇ ಆಗಿರುವುದರಿಂದ ವಿಶಿಷ್ಟ ಉಷ್ಣ ಹೊಡೆದುಹೋಗುತ್ತದೆ. ಉಳಿಯುವುದು ಇದು:

200 × (80 − T) = 300 × (T − 25)

ಬಿಡಿಸಿದರೆ T ಸರಿಯಾಗಿ 47 ಡಿಗ್ರಿ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಪೂರ್ತಿ ಅಂಕ.

ಸುರಿಯುವ ಮುಂಚೆ ಅವಳು ಕೇಳಿದಳು, “ಮಾಮ, ಯಾವುದನ್ನ ಯಾವುದಕ್ಕೆ ಹಾಕೋದು? ಲೆಕ್ಕದಲ್ಲಿ ಹೇಳೇ ಇಲ್ವಲ್ಲ?” ಬಹಳ ಒಳ್ಳೆ ಪ್ರಶ್ನೆ. ಮೇಲಿನ ಸಮೀಕರಣಕ್ಕೆ ಅದು ಗೊತ್ತೇ ಆಗುವುದಿಲ್ಲ. ಪಾತ್ರೆಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಪಾತ್ರೆಯ ವಿಷಯಕ್ಕೆ ಬರೋಣ. ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.18 ಜೂಲ್ ಬೇಕು. ಒಂದು ಗ್ರಾಂ ಸ್ಟೀಲ್‌ಗೆ ಸುಮಾರು 0.5 ಜೂಲ್ ಸಾಕು. ವಸ್ತುವಿನಿಂದ ವಸ್ತುವಿಗೆ ಹೀಗೆ ವ್ಯತ್ಯಾಸ ಇದೆ ಅನ್ನುವುದು ಒಂದು ಕಾಲದಲ್ಲಿ ಸ್ಪಷ್ಟವಾಗಿರಲಿಲ್ಲ. 1760ರ ಸುಮಾರಿಗೆ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲಾಕ್ ಪಾದರಸ ಮತ್ತು ನೀರು ಬೆರೆಸಿದ ಪ್ರಯೋಗಗಳ ಬಗ್ಗೆ ಯೋಚಿಸುವಾಗ ಅದನ್ನು ಬಿಡಿಸಿ ಹೇಳಿದರು. ಪಾದರಸ ಅಷ್ಟು ಭಾರ ಇದ್ದರೂ ನೀರಿನಷ್ಟು ಉಷ್ಣ ಹಿಡಿದಿಟ್ಟುಕೊಳ್ಳುವುದಿಲ್ಲ. ನಮ್ಮ ಸ್ಟೀಲ್ ಪಾತ್ರೆಯ ಕಥೆಯೂ ಅದೇ.

250 ಗ್ರಾಂ ಸ್ಟೀಲ್ ಅಂದರೆ ಡಿಗ್ರಿಗೆ 125 ಜೂಲ್. ಅದನ್ನು 4.18ರಿಂದ ಭಾಗಿಸಿದರೆ ಸುಮಾರು 30 ಬರುತ್ತದೆ. ಅಂದರೆ ಉಷ್ಣದ ಲೆಕ್ಕದಲ್ಲಿ ಈ ಪಾತ್ರೆ 30 ಗ್ರಾಂ ನೀರಿಗೆ ಸಮ. ಇದಕ್ಕೆ ಪಾತ್ರೆಯ ಜಲಸಮಾನ ಅನ್ನುತ್ತಾರೆ. ನನಗೆ ಈ ದಾರಿ ತುಂಬಾ ಇಷ್ಟ, ಯಾಕೆಂದರೆ ಇನ್ನು ಮುಂದೆ ಸ್ಟೀಲ್ ಅನ್ನುವುದನ್ನೇ ಮರೆತುಬಿಡಬಹುದು. ತಣ್ಣೀರು 300 ಗ್ರಾಂ ಅಲ್ಲ, 330 ಗ್ರಾಂ ಅಂದುಕೊಂಡರೆ ಆಯಿತು. ಹೀಗೆ ಮಾಡಿದರೆ ಉತ್ತರ 47ರಿಂದ 45.8ಕ್ಕೆ ಇಳಿಯುತ್ತದೆ.

ಇನ್ನು ಉಲ್ಟಾ ಮಾಡೋಣ. ಬಿಸಿನೀರು ಮೊದಲೇ ಪಾತ್ರೆಯಲ್ಲಿದೆ. ಪಾತ್ರೆಯೂ ಕಾದಿದೆ. ಎರಡೂ ಸೇರಿ 80 ಡಿಗ್ರಿ ತೋರಿಸುವಾಗ 25 ಡಿಗ್ರಿಯ ತಣ್ಣೀರನ್ನು ಅದಕ್ಕೆ ಸುರಿಯುತ್ತೇವೆ. ಈಗ ಆ 30 ಗ್ರಾಂ ಬಿಸಿನೀರಿನ ಕಡೆಗೆ ಸೇರುತ್ತದೆ:

230 × (80 − T) = 300 × (T − 25)

T ಈಗ 48.9. ಅದೇ ನೀರು, ಅದೇ ತೂಕ, ಅದೇ ಪಾತ್ರೆ. ಯಾವುದಕ್ಕೆ ಯಾವುದನ್ನು ಹಾಕಿದೆವು ಅನ್ನುವುದಷ್ಟೇ ಬೇರೆ, ಆದರೂ ಮೂರು ಡಿಗ್ರಿ ವ್ಯತ್ಯಾಸ. ಪುಸ್ತಕದ 47 ಎರಡರ ನಡುವೆ ಕೂತಿದೆ, ಎರಡಕ್ಕೂ ಹೊಂದುವುದಿಲ್ಲ.

ಸರಿ, ಥರ್ಮಾಮೀಟರ್ ಏನು ಹೇಳುತ್ತದೆ ನೋಡೋಣ. ಮೊದಲನೇ ರೀತಿ, ತಣ್ಣೀರಿಗೆ ಬಿಸಿನೀರು. ಬಿಸಿನೀರಿನ ಉಷ್ಣತೆಯನ್ನು ಸುರಿಯುವ ಕ್ಷಣಕ್ಕೇ ಓದಬೇಕು. 80 ಡಿಗ್ರಿಯ ನೀರು ನೋಡುನೋಡುತ್ತಲೇ ತಣಿಯುತ್ತದೆ. ಸುರಿದ ಮೇಲೆ ಪಾತ್ರೆಯನ್ನು ಮತ್ತೆ ತೂಗಬೇಕು. ಒಂದಷ್ಟು ನೀರು ಹಳೇ ಪಾತ್ರೆಗೆ ಅಂಟಿಕೊಂಡಿರುತ್ತದೆ, ಒಂದಷ್ಟು ಆವಿಯಾಗಿರುತ್ತದೆ. ನಿಜವಾಗಿ ಎಷ್ಟು ಬಿದ್ದಿದೆ ಅಂತ ತಿಳಿಯಲು ಬೇರೆ ದಾರಿ ಇಲ್ಲ. ಆಮೇಲೆ ಚೆನ್ನಾಗಿ ಕಲಕಬೇಕು. ಕಲಕದೇ ಬಿಟ್ಟರೆ ಬಿಸಿನೀರು ಮೇಲೆ ನಿಲ್ಲುತ್ತದೆ, ಥರ್ಮಾಮೀಟರ್ ಎಲ್ಲಿದೆಯೋ ಅಲ್ಲಿನದ್ದನ್ನು ಮಾತ್ರ ಹೇಳುತ್ತದೆ.

ಒಂದು ನಿಮಿಷಕ್ಕೆ 45.3 ಡಿಗ್ರಿ. ಒಂದೂವರೆ ನಿಮಿಷಕ್ಕೆ 45.1. ಎರಡು ನಿಮಿಷಕ್ಕೆ 44.9.

ನಾವು ಲೆಕ್ಕ ಹಾಕಿದ್ದು 45.8 ಅಲ್ವಾ? ಅರ್ಧ ಡಿಗ್ರಿ ಕಡಿಮೆ ಇದೆ. ಅಷ್ಟು ಪರವಾಗಿಲ್ಲ ಅನಿಸಬಹುದು. ಆದರೆ ಇದೇ 45.3 ಇಟ್ಟುಕೊಂಡು ಪಾತ್ರೆಯ ಜಲಸಮಾನವನ್ನು ಕಂಡುಹಿಡಿಯಲು ಹೊರಟರೆ ಏನಾಗುತ್ತದೆ ನೋಡಿ. ಬಿಸಿನೀರಿನ ಕಡೆ 200 × 34.7, ಅಂದರೆ 6940. ತಣ್ಣೀರಿನ ಕಡೆ ಉಷ್ಣತೆ ಏರಿದ್ದು 20.3. ಭಾಗಿಸಿದರೆ 342. ಅದರಲ್ಲಿ ನೀರು 300, ಹಾಗಾಗಿ ಪಾತ್ರೆಯ ಪಾಲು 42 ಗ್ರಾಂ! ಸ್ಟೀಲ್‌ನ ಲೆಕ್ಕ ಹೇಳಿದ್ದು 30. ಬರೀ ಅರ್ಧ ಡಿಗ್ರಿಗೆ ಉತ್ತರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಚೆ ಹೋಯಿತು. ಪ್ರಯೋಗಶಾಲೆಯಲ್ಲಿ ಜಲಸಮಾನದ ಉತ್ತರಗಳು ಒಬ್ಬೊಬ್ಬರದು ಒಂದೊಂದು ಥರ ಬರುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಚಿಕ್ಕ ಸಂಖ್ಯೆ ಪಡೆಯುವಾಗ ಅಳತೆಯ ತಪ್ಪೆಲ್ಲ ಆ ಚಿಕ್ಕ ಸಂಖ್ಯೆಯ ಮೇಲೇ ಬೀಳುತ್ತದೆ.

ಹೆಚ್ಚುವರಿ 12 ಗ್ರಾಂ ಪಾತ್ರೆಯದ್ದಲ್ಲ. ಅದು ಗಾಳಿಗೆ ಹೋದ ಉಷ್ಣ. ಮೇಲಿಂದ ನೀರು ಆವಿಯಾಗುತ್ತಿದೆ, ಪಕ್ಕದಿಂದಲೂ ಬಿಸಿ ಹೋಗುತ್ತಿದೆ. ಅದನ್ನು ಬೇರ್ಪಡಿಸುವುದು ಹೇಗೆ? ಆ ಮೂರು ಅಳತೆಗಳನ್ನು ಇನ್ನೊಂದು ಸಲ ನೋಡಿ. ಅರ್ಧ ನಿಮಿಷಕ್ಕೆ 0.2 ಡಿಗ್ರಿಯಂತೆ ಒಂದೇ ಸಮನೆ ಇಳಿಯುತ್ತಿದೆ. ಗ್ರಾಫ್ ಹಾಳೆಯಲ್ಲಿ ಆ ಗೆರೆಯನ್ನು ಹಿಂದಕ್ಕೆ, ಸುರಿದ ಕ್ಷಣದವರೆಗೆ ಎಳೆಯಿರಿ. ಅಲ್ಲಿ ಸಿಗುವುದು 45.7. ಗಾಳಿಗೆ ಏನೂ ಹೋಗದೇ ಇದ್ದಿದ್ದರೆ ಹೆಚ್ಚುಕಡಿಮೆ ಅದೇ ಉಷ್ಣತೆ ಇರುತ್ತಿತ್ತು. ಈಗ ಜಲಸಮಾನ ಲೆಕ್ಕ ಮಾಡಿದರೆ 31 ಗ್ರಾಂ. ಅವಳು ಕ್ಯಾಲ್ಕುಲೇಟರ್ ತೋರಿಸಿದಾಗ ನನಗೆ ಆದ ಖುಷಿ ಹೇಳತೀರದು.

ಎರಡನೇ ರೀತಿಯಲ್ಲಿ, ಕಾದ ಪಾತ್ರೆಗೆ ತಣ್ಣೀರು ಹಾಕಿ ಗೆರೆಯನ್ನು ಹಾಗೇ ಹಿಂದಕ್ಕೆ ಎಳೆದಾಗ 48.6 ಬಂತು. ಲೆಕ್ಕದ 48.9ಕ್ಕೆ ಸ್ವಲ್ಪ ಕಡಿಮೆ. ಪಾತ್ರೆಯ ಅಂಚು ನೀರಿನ ಮಟ್ಟಕ್ಕಿಂತ ಮೇಲಿದೆ, ಅದು ಪೂರ್ತಿ 80 ಡಿಗ್ರಿಗೆ ಕಾಯುವುದಿಲ್ಲ. ವ್ಯತ್ಯಾಸಕ್ಕೆ ಅದೇ ಕಾರಣ ಅಂತ ನನ್ನ ಅಂದಾಜು.

ಹಾಗಾದರೆ ಪುಸ್ತಕದ ಸಾಲು ಸುಳ್ಳಾ? ಅಲ್ಲ, ಅದು ಪಾತ್ರೆಯ ಮೇಲೆ ನಿಂತಿದೆ. 250 ಗ್ರಾಂ ಅಲ್ಯೂಮಿನಿಯಂ ಪಾತ್ರೆ ಆಗಿದ್ದರೆ ಜಲಸಮಾನ 54 ಗ್ರಾಂ ಬರುತ್ತಿತ್ತು, ಅಲ್ಲಿ ಆ ಸಾಲು ಇನ್ನೂ ದೂರ. ಥರ್ಮೋಕೋಲ್ ಲೋಟ ತೂಗುವುದೇ ಮೂರ್ನಾಲ್ಕು ಗ್ರಾಂ, ಅದರ ಜಲಸಮಾನ ಒಂದು ಗ್ರಾಂ ಆಸುಪಾಸು. ಅದರಲ್ಲಿ ಇದೇ ನೀರುಗಳನ್ನು ಬೆರೆಸಿ, ಮುಚ್ಚಳ ಹಾಕಿ, ಗೆರೆ ಎಳೆದು ನೋಡಿದೆವು. 46.8 ಬಂತು.